ಮೈದಾ ಮೂಟೆ ಎಣಿಸಿ ಬೇಕರಿಗೆ ಬೆಲೆ ಕಟ್ಟಿದ್ದು – ನನ್ನ ಅನುಭವ

ಕಳೆದ ವರ್ಷ ತುಮಕೂರಲ್ಲಿ ಒಂದು ಬೇಕರಿ ಮಾರಾಟಕ್ಕೆ ನಾನು 24 ಲಕ್ಷ ಅಂತ ಬೆಲೆ ಹೇಳ್ದಾಗ ಓನರ್ ಮುಖ ಸಪ್ಪೆ ಮಾಡ್ಕೊಂಡ್ರು, ಬ್ರೋಕರ್ ಅಂತೂ "ಸಾರ್, ನೀವು ಮೂಟೆ ಎಣಿಸ್ಕೊಂಡು ಕೂತಿರಿ, ನಾನು 40ಕ್ಕೆ ಕೊಡಿಸ್ತೀನಿ" ಅಂತ ಎದ್ದು ಹೋದ. ಕೊನೆಗೆ ವ್ಯಾಪಾರ ಕುದುರಿದ್ದು 24ಕ್ಕೇ. ಪೂರ್ತಿ ದುಡ್ಡು ಕೈಗೆ ಬಂತು, ತಗೊಂಡೋರು ಇವತ್ತಿಗೂ ಬೇಕರಿ ನಡೆಸ್ತಿದಾರೆ. ಅದಕ್ಕೇ ಬರೀತಿದೀನಿ. ನಿಮಗೆಲ್ಲ ಲೆಕ್ಕ ಪತ್ರ ಗೊತ್ತಿರೋದೇ, ಬೇಸಿಕ್ಸ್ ಹೇಳೋಕೆ ಹೋಗಲ್ಲ.

ಮೊದಲು ನಾನು ಕೈ ಸುಟ್ಕೊಂಡಿದ್ದು ಹೇಳ್ತೀನಿ. ಆರೇಳು ವರ್ಷದ ಹಿಂದೆ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ರಿಟರ್ನ್ಸ್ ಇಟ್ಕೊಂಡು ಬೆಲೆ ಕಟ್ಟಿದ್ದೆ. ಅವರು ಇನ್‌ಕಮ್ ಟ್ಯಾಕ್ಸಿಗೆ 44ಎಡಿಲಿ ಶೇಕಡಾ 8 ಲಾಭ ತೋರಿಸ್ಕೊಂಡು ಬಂದಿದ್ರು. ಅದನ್ನೇ ನಿಜ ಅಂತ ಹಿಡಿದು ನಾನು ಹೇಳಿದ ಬೆಲೆಗೆ ಅವರು ಮಾರಿದ್ರು, ತಗೊಂಡೋನು ಒಂದೇ ವರ್ಷದಲ್ಲಿ ಹಾಕಿದ ದುಡ್ಡು ಎತ್ಕೊಂಡ. ಯಜಮಾನ್ರು ಈಗಲೂ ಮದುವೆ ಮನೆಲಿ ಸಿಕ್ಕಿದ್ರೆ ನನ್ನ ಮಾತಾಡಿಸಲ್ಲ. ಅದಾದ್ಮೇಲೆ ಉಲ್ಟಾ ಹೊಡೆದೆ, ಒಂದು ಖಾನಾವಳಿಗೆ ಓನರ್ ಬಾಯಲ್ಲಿ ಹೇಳಿದ ಸೇಲ್ಸನ್ನೇ ನಂಬ್ಕೊಂಡು ಬೆಲೆ ಕಟ್ಟಿದೆ. ಸೇಲ್ಸ್ ಸುಳ್ಳೇನಲ್ಲ, ಆದ್ರೆ ರುಚಿ ಇದ್ದಿದ್ದು ಅವರ ಹೆಂಡ್ತಿ ಕೈಯಲ್ಲಿ, ಆ ಯಮ್ಮ ಬಿಟ್ಟು ಹೋದ ಮೂರು ತಿಂಗಳಿಗೆ ಅರ್ಧ ಊಟ ಹೋಗ್ತಿರಲಿಲ್ಲ. ತಗೊಂಡೋನು ನಮ್ಮ ಆಫೀಸಿಗೇ ಬಂದು ಕೂತ. ನನ್ನ ಫೀಸು 25 ಸಾವಿರ ವಾಪಸ್ ಕೊಟ್ಟೆ.

ಈ ಎರಡರಿಂದ ನನಗೆ ಗಟ್ಟಿ ಆಗಿದ್ದು ಒಂದೇ, ಪುಸ್ತಕನೂ ಬೇಡ ಬಾಯಿಮಾತೂ ಬೇಡ, ಸಾಮಾನು ಎಷ್ಟು ಒಳಗೆ ಬಂತು ನೋಡಬೇಕು. ಬೇಕರಿಲಿ ಮೈದಾ ಬರದೆ ಬ್ರೆಡ್ ಹೊರಗೆ ಹೋಗಲ್ಲ.

ಈ ಬೇಕರಿ ಓನರ್ ಹಾಸನದ ಕಡೆಯೋರು, ವಯಸ್ಸು ಅರವತ್ತರ ಮೇಲೆ, ಇಪ್ಪತ್ತು ವರ್ಷದ ಮೇಲಾಯ್ತು ಅಂಗಡಿ ಹಾಕಿ. ಮಗ ಸಾಫ್ಟ್‌ವೇರಲ್ಲಿ ಇದಾನೆ, ಬರಲ್ಲ ಅಂದ. ಅವರ ತಲೇಲಿ ಇದ್ದಿದ್ದು 45 ಲಕ್ಷ. "ದಿನಕ್ಕೆ 28 ಸಾವಿರ ಕಲೆಕ್ಷನ್ ಸಾರ್, ಗಲ್ಲಾ ನೋಡಿ ಬೇಕಾದ್ರೆ" ಅಂದ್ರು. ಬ್ರೋಕರ್‌ಗಳು ಮಾಡೋದೂ ಇಷ್ಟೇ, ದಿನದ ಕಲೆಕ್ಷನ್ ಕೇಳಿ ಅದಕ್ಕೊಂದು ನೂರೈವತ್ತು ಗುಣಿಸಿ ಬೆಲೆ ಹೇಳಿಬಿಡ್ತಾರೆ.

ನಾನು ಹೋಲ್‌ಸೇಲ್ ಅಂಗಡಿಯಿಂದ ಹನ್ನೆರಡು ತಿಂಗಳ ಖಾತೆ ತರಿಸ್ಕೊಂಡೆ. 50 ಕೆಜಿ ಮೂಟೆ, ತಿಂಗಳಿಗೆ ಸರಾಸರಿ 32 ಬಂದಿತ್ತು. ಡಿಸೆಂಬರಲ್ಲಿ ಕೇಕಿಂದ ಜಾಸ್ತಿ, ಆಷಾಢದಲ್ಲಿ ಕಮ್ಮಿ. ಆದ್ರೆ ಮೂಟೆ ಎಣಿಸಿದ್ರಷ್ಟೇ ಸಾಲಲ್ಲ, ಇಲ್ಲೇ ಜನ ಎಡವೋದು. ಒಂದು ಕೆಜಿ ಮೈದಾ ಬ್ರೆಡ್ ಆದ್ರೆ 400 ಗ್ರಾಂದು ಮೂರೂವರೆ ಬ್ರೆಡ್, 140 ರೂಪಾಯಿ. ಅದೇ ಮೈದಾ ಪಫ್ ಆದ್ರೆ 36-38 ಪಫ್, 700 ರೂಪಾಯಿ ಮೇಲೆ. ಅಂದ್ರೆ ಯಾವ ಐಟಂಗೆ ಎಷ್ಟು ಹಿಟ್ಟು ಹೋಗುತ್ತೆ ಅನ್ನೋದೇ ಇಡೀ ಲೆಕ್ಕದ ಕೀಲಿ. ಅದಕ್ಕೆ ನಾನು ನಾಲ್ಕು ದಿನ ಬೆಳಿಗ್ಗೆ 5ಕ್ಕೆ ಹೋಗಿ ಮಾಸ್ಟರ್ ಪಕ್ಕ ನಿಂತು ಪ್ರತಿ ಹಿಟ್ಟಿನ ಲೋಡು ತೂಕ ಬರ್ಕೊಂಡೆ. ಮಂಗಳವಾರ, ಶುಕ್ರವಾರ, ಶನಿವಾರ, ಭಾನುವಾರ, ಇದೇ ನಾಲ್ಕು ಯಾಕೆ ಅನ್ನೋದು ಇಲ್ಲಿ ಹೇಳಲ್ಲ, ಅದು ನಾನು ದುಡ್ಡು ಕಳ್ಕೊಂಡು ಕಲಿತಿದ್ದು. ಒಂದು ಮೂಟೆಲಿ ಸುಮಾರು 20 ಕೆಜಿ ಬ್ರೆಡ್ಡಿಗೆ, 14 ಬನ್ನು ಖಾರಾ ಬನ್ನಿಗೆ, 8 ಪಫ್ಸಿಗೆ, ಉಳಿದಿದ್ದು ಬಿಸ್ಕೆಟ್ಟು ಕೇಕಿಗೆ. ಎಲ್ಲಾ ಸೇರಿ ಮೂಟೆಗೆ 18,500 ವ್ಯಾಪಾರ, ಹಳಸಿದ್ದು ಮುರಿದಿದ್ದು ಕಳೆದ್ರೆ 17,500. ತಿಂಗಳಿಗೆ 5.6 ಲಕ್ಷ ಸ್ವಂತ ಮಾಲು.

ಓನರ್ ಹೇಳಿದ್ದು 28 ಸಾವಿರದ ಪ್ರಕಾರ 8.4 ಲಕ್ಷ. ಮಧ್ಯೆ ಇಷ್ಟು ದೊಡ್ಡ ಗ್ಯಾಪು ನೋಡಿ ಮೊದಲು ನಾನೂ ಇವರು ಬಿಡ್ತಿದಾರೆ ಅಂದ್ಕೊಂಡೆ. ಒಂದು ದಿನ ಬೆಳಿಗ್ಗೆ ಗಲ್ಲಾ ಪಕ್ಕ ಕೂತಾಗ ಗೊತ್ತಾಯ್ತು, ಬರೋರೆಲ್ಲ ಹಾಲಿನ ಪ್ಯಾಕೆಟ್ ತಗೊಂಡು ಹೋಗ್ತಿದಾರೆ. ನಂದಿನಿ ಹಾಲು ಮೊಸರೇ ದಿನಕ್ಕೆ ಐದೂವರೆ ಸಾವಿರ, ಅದರಲ್ಲಿ ಸಿಗೋದು ಲೀಟರಿಗೆ ಒಂದೆರಡು ರೂಪಾಯಿ. ಇನ್ನು ಕೂಲ್ ಡ್ರಿಂಕ್ಸು, ಚಿಪ್ಸು, ನೀರಿನ ಬಾಟ್ಲು ತಿಂಗಳಿಗೆ ಒಂದು ಲಕ್ಷದ ಮೇಲೆ. ಕೂಡಿಸಿದ್ರೆ ಸರಿಯಾಗಿ 8.4ರ ಹತ್ರಕ್ಕೇ ಬಂತು. ಓನರ್ ಒಂದು ರೂಪಾಯಿನೂ ಸುಳ್ಳು ಹೇಳಿರಲಿಲ್ಲ. ಆದ್ರೆ ಗಲ್ಲಾಗೆ ಬರೋ ಹಾಲಿನ ರೂಪಾಯಿಗೂ ಪಫ್ಸಿನ ರೂಪಾಯಿಗೂ ಒಂದೇ ಬೆಲೆ ಕಟ್ಟೋಕಾಗಲ್ಲ, ಬ್ರೋಕರ್ ಮಾಡಿದ್ದು ಅದನ್ನೇ.

ಕ್ರಾಸ್ ಚೆಕ್‌ಗೆ ಬೇರೆ ಏನೇನೋ ಟ್ರೈ ಮಾಡ್ದೆ. ಗ್ಯಾಸ್ ಸಿಲಿಂಡರ್ ಲೆಕ್ಕ ಕೈ ಕೊಡ್ತು, ಹುಡುಗರ ಅಡುಗೆನೂ ಅದರಲ್ಲೇ ಆಗ್ತಿತ್ತು. ಎದುರುಗಡೆ ಟೀ ಅಂಗಡಿಲಿ ಕೂತು ಸಂಜೆ ಆರರಿಂದ ಎಂಟರವರೆಗೆ ಗಿರಾಕಿ ಎಣಿಸಿದೆ, ಶೇಕಡಾ 30 ತಪ್ಪು ಬಂತು, ಒಬ್ಬ ಎರಡು ಪಫ್ ತಗೋತಾನೆ, ಇನ್ನೊಬ್ಬ ಬರ್ತ್‌ಡೇ ಕೇಕ್ ತಗೋತಾನೆ. ಯುಪಿಐ ಸ್ಟೇಟ್‌ಮೆಂಟ್ ಮೊದಲು ಒಳ್ಳೆ ಅಳತೆ ಆಗಿತ್ತು, ಶೇಕಡಾ ಇಷ್ಟು ಯುಪಿಐ ಅಂತ ಹಿಡಿದು ಉಳಿದಿದ್ದು ಅಂದಾಜು ಮಾಡಬಹುದಿತ್ತು, ಆದ್ರೆ 2025 ಜುಲೈಲಿ ವಾಣಿಜ್ಯ ತೆರಿಗೆ ಇಲಾಖೆ ನೋಟೀಸ್ ಬಂದ್ಮೇಲೆ ಎಷ್ಟೋ ಅಂಗಡಿಲಿ ಕ್ಯೂಆರ್ ಕೋಡ್ ಕಿತ್ತು ಹಾಕಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರಲ್ಲ, ಆ ತಿಂಗಳಿಂದ ಆಚೆಗೆ ಆ ಲೆಕ್ಕ ನಂಬೋ ಹಾಗಿಲ್ಲ. ಕರೆಕ್ಟಾಗಿ ತಾಳೆ ಆಗಿದ್ದು ಬ್ರೆಡ್ ಕವರ್. ಪ್ರಿಂಟ್ ಹಾಕಿಸಿದ ಕವರ್ ಬಂಡಲ್ ಬಿಲ್ ಇತ್ತು, ಅದಕ್ಕೂ ಮೈದಾ ಲೆಕ್ಕದ ಬ್ರೆಡ್ಡಿಗೂ ನೂರಕ್ಕೆ ಮೂರ್ನಾಲ್ಕು ಮಾತ್ರ ವ್ಯತ್ಯಾಸ.

ಇನ್ನು ಲಾಭ. ಸಾಮಾನು, ಬಾಡಿಗೆ, ಸಂಬಳ, ಗ್ಯಾಸು, ಕರೆಂಟು, ಪ್ಯಾಕಿಂಗ್ ಎಲ್ಲಾ ಹೋಗಿ ತಿಂಗಳಿಗೆ 1.57 ಲಕ್ಷ ಉಳೀತಿತ್ತು. ಓನರ್ ಪ್ರಕಾರ ಇದು ಲಾಭ. ನನ್ನ ಪ್ರಕಾರ ಇದರಲ್ಲಿ ಕಾಲು ಭಾಗ ಅವರ ಕೂಲಿ. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಇವರು, ಮಧ್ಯಾಹ್ನ ಕೌಂಟರಿಗೆ ಹೆಂಡ್ತಿ. ಅವರ ಜಾಗಕ್ಕೆ ಇಬ್ಬರನ್ನ ಇಟ್ರೆ 39 ಸಾವಿರ ಬೇಕು, ಕಳೆದೆ. ಬಾಡಿಗೆ ಹಳೇದು 38 ಸಾವಿರ, ಅಕ್ಕಪಕ್ಕ ವಿಚಾರಿಸಿದ್ರೆ 55 ನಡೀತಿದೆ, ಅಗ್ರಿಮೆಂಟ್ ಮುಗಿಯೋಕೆ 14 ತಿಂಗಳು ಬಾಕಿ, ಅದಕ್ಕೆ 17 ಕಳೆದೆ. ಓವನ್ ಹಳೇದು, ಅದಕ್ಕೆ ಎತ್ತಿಡೋಕೆ 6. ವ್ಯಾಪಾರ ಪೂರ್ತಿ ಪುಸ್ತಕಕ್ಕೆ ಹತ್ತಿರಲಿಲ್ಲ, ತಗೊಳೋನು ಸರಿಯಾಗಿ ತೋರಿಸಿದ್ರೆ ಜಿಎಸ್‌ಟಿ ಕಾಂಪೊಸಿಷನ್ ಟ್ಯಾಕ್ಸ್ ಜಾಸ್ತಿ ಬೀಳುತ್ತೆ, ಅದಕ್ಕೆ 5. ಉಳಿದಿದ್ದು 90 ಸಾವಿರ, ವರ್ಷಕ್ಕೆ 10.8 ಲಕ್ಷ.

ಇದನ್ನ ಹೇಳ್ದಾಗ ಯಜಮಾನ್ರು ನಿಜವಾಗ್ಲೂ ನೊಂದ್ಕೊಂಡ್ರು. "ಹಂಗಾದ್ರೆ ನಾನು ಇಷ್ಟು ವರ್ಷ ದುಡಿದಿದ್ದಕ್ಕೆ ಬೆಲೆ ಇಲ್ವಾ ಸಾರ್?" ಅಂದ್ರು. ನನಗೂ ಬೇಜಾರಾಯ್ತು. "ಇದೆ ಯಜಮಾನ್ರೆ, ಅದನ್ನ ನೀವು ತಿಂಗಳು ತಿಂಗಳು ತಗೊಂಡಾಗಿದೆ, ಈಗ ಮಾರ್ತಿರೋದು ನೀವು ಇಲ್ಲದೇ ಇರೋ ಬೇಕರಿನ" ಅಂದೆ. ಸುಮ್ನೆ ಕೂತಿದ್ರು ಸುಮಾರು ಹೊತ್ತು.

ಎಷ್ಟು ವರ್ಷದ ಲಾಭಕ್ಕೆ ಗುಣಿಸಬೇಕು ಅನ್ನೋದರಲ್ಲಿ ನಾನು ಮಾರ್ಕೆಟ್ ರೇಟ್ ಅಂತ ನೋಡಲ್ಲ, ಬಾಡಿಗೆ ಅಗ್ರಿಮೆಂಟೇ ನೋಡೋದು. 14 ತಿಂಗಳಿದ್ರೆ ಎರಡು ವರ್ಷದ್ದೂ ಜಾಸ್ತಿನೇ, ಯಾಕಂದ್ರೆ ಅದಾದ್ಮೇಲೆ ಬಿಲ್ಡಿಂಗ್ ಓನರ್ ಖಾಲಿ ಮಾಡಿ ಅಂದ್ರೆ ಗುಡ್‌ವಿಲ್ ಅನ್ನೋದು ರಸ್ತೆಗೆ ಬರುತ್ತೆ. ಬಿಲ್ಡಿಂಗ್ ಓನರ್ ಹತ್ರ ಹೋಗಿ ಹೊಸಬರ ಹೆಸರಿಗೆ 5 ವರ್ಷದ ಅಗ್ರಿಮೆಂಟಿಗೆ ಒಪ್ಪಿಸಿದ್ವಿ, 55 ಸಾವಿರಕ್ಕೇ. ಹೆಂಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ರನೇ ಇರಲಿ. ಅದರಿಂದ ಎರಡು ಹೋಗಿ ಎರಡೂಕಾಲು ಆಯ್ತು, 24 ಲಕ್ಷ ಚಿಲ್ಲರೆ. ಒಂದು ಕಾಗದದಿಂದ ಯಜಮಾನ್ರಿಗೆ ಎರಡೂವರೆ ಲಕ್ಷ ಜಾಸ್ತಿ.

ಓವನ್, ಮಿಕ್ಸರ್, ಫ್ರಿಡ್ಜು, ಗಾಜಿನ ಕೌಂಟರ್ ಎಲ್ಲಾ ಇದರೊಳಗೇ. ಬ್ರೋಕರ್ ಅದನ್ನ ಮತ್ತೆ ಬೇರೆ ಕೂಡಿಸಿದ್ದ. ಓವನ್ ಇಲ್ದೆ ಆ 90 ಸಾವಿರ ಹುಟ್ಟೋದೇ ಇಲ್ಲ, ಎರಡು ಸಲ ಹೆಂಗೆ ಕೊಡ್ತಾರೆ? ಸೆಕೆಂಡ್ ಹ್ಯಾಂಡ್ ರೇಟ್ ಮಾತ್ರ ಬೇರೆ ಕೇಳಿಟ್ಟಿದ್ದೆ, 5 ಲಕ್ಷ ಬಂತು. ಲಾಭದ ಲೆಕ್ಕ ಅದಕ್ಕಿಂತ ಕೆಳಗೆ ಬಂದಿದ್ರೆ ಬೇಕರಿ ಅಂತ ಮಾರದೆ ಸಾಮಾನು ಬಿಡಿಬಿಡಿಯಾಗಿ ಮಾರಿ ಅಂತಿದ್ದೆ. ಸ್ಟಾಕ್ ಬೇರೆ, ಕೀ ಕೊಡೋ ಹಿಂದಿನ ರಾತ್ರಿ ಎಣಿಸಿ ಖರೀದಿ ರೇಟಿಗೆ. ಬಿಲ್ಡಿಂಗ್ ಅಡ್ವಾನ್ಸ್ 3 ಲಕ್ಷನೂ ಬೇರೆ.

ತಗೊಂಡೋರು ಅಣ್ಣ ತಮ್ಮ ಇಬ್ಬರು, ಇನ್ನೊಂದು ಬೇಕರಿಲಿ ಹತ್ತು ವರ್ಷ ಕೆಲಸ ಮಾಡಿದೋರು. ಅವರಿಗಿದ್ದ ಭಯ ಖಾನಾವಳಿದೇ ಭಯ, ಹಳೇ ಓನರ್ ಹೋದ್ಮೇಲೆ ವ್ಯಾಪಾರ ಬಿದ್ದೋದ್ರೆ? ಅದಕ್ಕೆ 18 ಲಕ್ಷ ಮೊದಲು, 6 ಲಕ್ಷ ಆರು ತಿಂಗಳಲ್ಲಿ ಎರಡು ಕಂತು ಅಂತ ಮಾಡ್ದೆ, ಆ ಕಂತನ್ನ ಮೂಟೆಗೆ ಕಟ್ದೆ. ತಿಂಗಳಿಗೆ ಸರಾಸರಿ 28 ಮೂಟೆ ಮೇಲೆ ಹೋಗ್ತಿದ್ರೆ ಪೂರ್ತಿ ಕೊಡಬೇಕು, ಕಮ್ಮಿ ಆದ್ರೆ ಮೂಟೆಗಿಷ್ಟು ಅಂತ ಕಡಿತ. ಸೇಲ್ಸಿಗೆ ಕಟ್ಟಿದ್ರೆ ಜಗಳ ಗ್ಯಾರಂಟಿ, ಹೊಸಬರು ಬರೆಯೋದೇ ಕಮ್ಮಿ ಮಾಡಬಹುದು. ಮೈದಾ ಖಾತೆ ಹೋಲ್‌ಸೇಲ್ ಅಂಗಡಿಯೋನ ಹತ್ರ ಇರುತ್ತೆ, ಅಲ್ಲಿಂದಲೇ ತಗೋಬೇಕು ಅಂತ ಅಗ್ರಿಮೆಂಟಲ್ಲೇ ಹಾಕಿದ್ವಿ. ಮಾಸ್ಟರ್ ಆರು ತಿಂಗಳು ಬಿಟ್ಟು ಹೋಗದೇ ಇರೋಕೆ 40 ಸಾವಿರ ಯಜಮಾನ್ರೇ ತಮ್ಮ ಪಾಲಿಂದ ಕೊಟ್ರು. ಮಾಸ್ಟರ್ ಮಾಡೋ ದಿಲ್‌ಪಸಂದ್ ತಿನ್ನೋಕೇ ಜನ ಬರೋದು.

ಒಂದು ಕಡೆ ನಾನು ಎಡವಿದೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮಾರಿದೋರಿಂದ ತಗೊಂಡೋರ ಹೆಸರಿಗೆ ಹಂಗೇ ವರ್ಗ ಆಗಲ್ಲ, ಹೊಸದೇ ಮಾಡಿಸಬೇಕು. ಮೊದಲೇ ಅರ್ಜಿ ಹಾಕಿಸದೆ ಹಸ್ತಾಂತರದ ದಿನ ಮುಂದೆ ಹೋಯ್ತು, ಆ ಎರಡು ವಾರದ ಬಾಡಿಗೆ ಯಾರು ಕೊಡೋದು ಅಂತ ಸುಮ್ನೆ ಮನಸ್ತಾಪ. ಅರ್ಧ ಅರ್ಧ ಮಾಡಿ ಮುಗಿಸಿದ್ವಿ.

ಮೊದಲ ಮೂರು ತಿಂಗಳು ಸರಾಸರಿ 29 ಬಂತು, ಆಮೇಲೆ 31. ಎರಡನೇ ಕಂತು ಒಂದು ರೂಪಾಯಿ ಕಡಿತ ಇಲ್ದೆ ಬಂದಿದ್ದು ಯಜಮಾನ್ರೇ ಫೋನ್ ಮಾಡಿ ಹೇಳಿದ್ರು. ಆ ಬ್ರೋಕರ್ ಕೂಡ ಹೋದ ತಿಂಗಳು ಒಂದು ಹೋಟ್ಲು ಕೇಸ್ ಹಿಡ್ಕೊಂಡು ನನ್ನ ಹತ್ರ ಬಂದ. ದರ್ಶಿನಿಗೆ ಅಕ್ಕಿ ಉದ್ದಿನಬೇಳೆಲಿ ಇದೇ ಲೆಕ್ಕ ಚೆನ್ನಾಗಿ ಕೂರುತ್ತೆ. ಸಲೂನಿಗೆ ಕೂರಲಿಲ್ಲ, ಶೇವಿಂಗ್‌ಗೆ ಗಿರಾಕಿಗೆ ಅರ್ಧ ಬ್ಲೇಡು ಅಂತ ಹಿಡಿದು ನೋಡ್ದೆ, ಬರೀ ಕಟಿಂಗ್ ಮಾಡಿಸೋರ ಲೆಕ್ಕ ಸಿಗ್ತಿಲ್ಲ. ಈಗ ಕುತ್ತಿಗೆಗೆ ಸುತ್ತೋ ಪೇಪರ್ ರೋಲ್ ಎಣಿಸ್ತಿದೀನಿ.