ಟ್ಯೂಷನ್ ಬುಕಿಂಗ್‌ಗೆ ಗೂಗಲ್ ಕ್ಯಾಲೆಂಡರ್: ನಾನು ಹೊಂದಿಸಿಕೊಂಡ ರೀತಿ

ನಾನು ಗಣಿತ ಹೇಳಿಕೊಡುತ್ತೇನೆ. ಕೆಲವು ಮಕ್ಕಳ ಮನೆಗೆ ವಾರದಲ್ಲಿ ಗೊತ್ತಾದ ದಿನ ನಾನೇ ಹೋಗುತ್ತೇನೆ. ಡೌಟ್ ಕೇಳುವವರು ಬೇಕೆನಿಸಿದಾಗ ನನ್ನ ಮನೆಗೆ ಬರುತ್ತಾರೆ. ಬುಕಿಂಗ್ ಬೇಕಿದ್ದದ್ದು ಇವರಿಗೆ ಮಾತ್ರ.

ವೆಬ್‌ಸೈಟ್ ಗೊಡವೆಗೇ ಹೋಗಲಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, Create ಒತ್ತಿ, Appointment schedule ಆರಿಸಿಕೊಂಡೆ. ಅವಧಿ 45 ನಿಮಿಷ, ಸಮಯ ಸಂಜೆ 4ರಿಂದ 8. Buffer time 15 ನಿಮಿಷ ಕೊಟ್ಟಿದ್ದರಿಂದ 4, 5, 6, 7 ಗಂಟೆಗೆ ಒಂದೊಂದು ಸ್ಲಾಟ್ ಬಂತು. Scheduling windowನಲ್ಲಿ ಕನಿಷ್ಠ 12 ಗಂಟೆ ಮೊದಲೇ ಬುಕ್ ಮಾಡಬೇಕೆಂದು ಹಾಕಿದೆ. ಇಲ್ಲದಿದ್ದರೆ ಮಧ್ಯಾಹ್ನ ನೆನಪಾಗಿ ಸಂಜೆಗೇ ಬುಕ್ ಮಾಡುವವರು ಇದ್ದೇ ಇರುತ್ತಾರೆ. ಬುಕ್ ಮಾಡುವುದು ಸಾಮಾನ್ಯವಾಗಿ ಅಪ್ಪ ಅಮ್ಮ. ಹಾಗಾಗಿ ಫಾರ್ಮ್‌ನಲ್ಲಿ ಮಗುವಿನ ಹೆಸರು, ತರಗತಿ, ಯಾವ ಪಾಠದ ಡೌಟ್ ಎಂಬ ಪ್ರಶ್ನೆಗಳನ್ನು ಸೇರಿಸಿ ಕಡ್ಡಾಯ ಮಾಡಿದೆ.

ತಲೆ ಓಡಿಸಬೇಕಾದದ್ದು ಹೊರಗಿನ ಕ್ಲಾಸುಗಳ ವಿಷಯದಲ್ಲಿ. ಅವೂ ಅದೇ ಕ್ಯಾಲೆಂಡರಿನಲ್ಲಿ ಪ್ರತಿ ವಾರ ಮರುಕಳಿಸುವಂತೆ ಇರಬೇಕು, ಆಗ ಆ ಹೊತ್ತಿನ ಸ್ಲಾಟ್ ತಾನಾಗಿ ಮಾಯವಾಗುತ್ತದೆ. ಆದರೆ ಓಡಾಟದ ಸಮಯ ಕ್ಯಾಲೆಂಡರಿಗೆ ತಿಳಿಯದು. ಮಂಗಳವಾರ 5ರಿಂದ 6ರವರೆಗೆ ಒಬ್ಬರ ಮನೆಯಲ್ಲಿ ಪಾಠ, ಹೋಗಲು 15 ನಿಮಿಷ, ಬರಲು 15 ನಿಮಿಷ ಎನ್ನಿ. 5ರಿಂದ 6 ಎಂದಷ್ಟೇ ಬರೆದರೆ 6ರ ಸ್ಲಾಟ್ ತೆರೆದೇ ಇರುತ್ತದೆ. ಮಗು ಬಾಗಿಲಲ್ಲಿ, ನಾನು ದಾರಿಯಲ್ಲಿ. ಅದಕ್ಕೇ ಆ ಕ್ಲಾಸನ್ನು 4:45ರಿಂದ 6:15 ಎಂದು ಬರೆದೆ. ಈಗ 5 ಮತ್ತು 6 ಮುಚ್ಚಿವೆ, 4 ಮತ್ತು 7 ಉಳಿದಿವೆ.

ಊರಿಗೆ ಹೋಗುವ ದಿನ ಇನ್ನೊಂದು ಸೂಕ್ಷ್ಮವಿದೆ. ಇಡೀ ದಿನದ ಈವೆಂಟ್ ಹಾಕಿದರೆ ಅದು ತಾನಾಗಿಯೇ Free ಎಂದು ಸೇರುತ್ತದೆ, ಹಾಗಾಗಿ ಸ್ಲಾಟುಗಳು ಮುಚ್ಚುವುದಿಲ್ಲ. ಅದನ್ನು Busy ಮಾಡಬೇಕು. ಆದದ್ದೋ ಇಲ್ಲವೋ ತಿಳಿಯಲು ಬುಕಿಂಗ್ ಲಿಂಕನ್ನು ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆದು ಹೊರಗಿನವರ ಕಣ್ಣಿಂದ ಆ ದಿನ ನೋಡಿದರಾಯಿತು.

ವೈಯಕ್ತಿಕ ಉಚಿತ ಖಾತೆಯಲ್ಲಿ ಬುಕಿಂಗ್ ಪುಟ ಒಂದೇ, ಅದಕ್ಕೆ ಅವಧಿಯೂ ಒಂದೇ. ನನಗದು ಸಾಕು. ಅರ್ಧ ಗಂಟೆಯ ಹೇರ್‌ಕಟ್, ಎರಡು ಗಂಟೆಯ ಕಲರಿಂಗ್ ಎರಡೂ ಇರುವ ಸಲೂನಿಗೆ ಇದು ಹೊಂದದು. ಒಂದೊಂದು ಸೇವೆಗೂ ಬೇರೆ ಅವಧಿ ಕೊಡಲು ಬರುವ ಬುಕಿಂಗ್ ಆ್ಯಪ್ ನೋಡಿಕೊಳ್ಳುವುದು ಮೇಲು.

ಲಿಂಕನ್ನು ವಾಟ್ಸಾಪ್ ಬಿಸಿನೆಸ್‌ನ ಸ್ವಾಗತ ಸಂದೇಶಕ್ಕೆ ಸೇರಿಸಿದ್ದೇನೆ. ಆದರೂ ಕೆಲವರು ಫೋನೇ ಮಾಡುತ್ತಾರೆ. “ಮೇಡಂ, ಗುರುವಾರ 6ಕ್ಕೆ ಬರಲಾ?” ಎಂದರೆ ಫೋನ್ ಇಡುವ ಮೊದಲೇ ಆ ಸ್ಲಾಟನ್ನು ಅವರ ಹೆಸರಿಗೆ ನಾನೇ ಬುಕ್ ಮಾಡುತ್ತೇನೆ. ಹತ್ತು ನಿಮಿಷ ಬಿಟ್ಟು ಮಾಡೋಣ ಎಂದರೆ ಅಷ್ಟರಲ್ಲಿ ಬೇರೊಬ್ಬರು ಲಿಂಕ್ ಮೂಲಕ ಅದನ್ನೇ ತೆಗೆದುಕೊಂಡಿರಬಹುದು.