ಎರಡನೇ ಪ್ಲೇಟಿಂಗ್‌ನವರಿಗೆ ಸ್ಯಾಂಪಲ್ ಸಾಲದು, ತಿಂಗಳ ಕೆಲಸ ಕೊಡಿ
ಜಿಂಕ್ ಪ್ಲೇಟಿಂಗ್‌ಗೆ ಒಬ್ಬರನ್ನೇ ನಂಬಿಕೊಂಡಿದ್ದರೆ, ಎರಡನೆಯವರ ಸ್ಯಾಂಪಲ್ ಪಾಸ್ ಮಾಡಿ ಸುಮ್ನೆ ಬಿಡಬೇಡಿ, ಪ್ರತಿ ತಿಂಗಳ ಲಾಟ್‌ನಲ್ಲಿ ಐದನೇ ಒಂದು ಭಾಗ ಅವರಿಗೆ ಕಳಿಸುತ್ತಲೇ ಇರಿ. ಸ್ಯಾಂಪಲ್‌ನ ಹತ್ತು ಪೀಸನ್ನು ಯಾರಾದರೂ ಮುತುವರ್ಜಿಯಿಂದ ಮಾಡಿಕೊಡುತ್ತಾರೆ, ಬ್ಯಾರೆಲ್ ತುಂಬಿಸಿ ಓಡಿಸಿದಾಗಲೇ ಕೋಟಿಂಗ್ ಏರುಪೇರು, ಥ್ರೆಡ್‌ಗೆ ಬಿದ್ದ ಏಟು ಎಲ್ಲ ಕಾಣುವುದು. ಡ್ರಾಯಿಂಗ್‌ನಲ್ಲಿ ಕನಿಷ್ಠ 8 ಮೈಕ್ರಾನ್ ಅಂತಿದ್ದರೆ ಬೇರೆ ಬೇರೆ ಚೀಲದಿಂದ ಪೀಸ್ ತೆಗೆದು ದಪ್ಪ ಅಳೆಯಿರಿ. ಥ್ರೆಡ್‌ಗೆ ಗೋ ಗೇಜ್ ಒತ್ತದೆ ಸಲೀಸಾಗಿ ಹೋಗಬೇಕು. ಲಾಟ್ ಚಿಕ್ಕದಾದ್ದರಿಂದ ರೇಟ್ ಸ್ವಲ್ಪ ಜಾಸ್ತಿ ಬೀಳಬಹುದು, ಬೀಳಲಿ. ಆದರೆ ಆ ಎರಡನೆಯವರು ನಿಮ್ಮ ಮೊದಲಿನವರ ಹತ್ತಿರವೇ ಕೆಲಸ ಮಾಡಿಸುತ್ತಿದ್ದರೆ ಇದೆಲ್ಲ ದಂಡ, ಒಮ್ಮೆ ಹೋಗಿ ಅವರ ಟ್ಯಾಂಕ್ ನೋಡಿ ಬನ್ನಿ. ಆಟೋ ಪಾರ್ಟ್ಸ್ ಆದರೆ ಕಸ್ಟಮರ್ ಬರೆದು ಒಪ್ಪುವ ತನಕ ಎರಡನೆಯವರು ಪ್ಲೇಟಿಂಗ್ ಮಾಡಿದ ಪೀಸನ್ನು ಡಿಸ್ಪ್ಯಾಚ್‌ಗೆ ಸೇರಿಸಬೇಡಿ.