ಎರಡು ಕೆಪಾಸಿಟರ್ ಜೋಡಿಸಿದಾಗ ಕಡಿಮೆಯಾಗುವ ಶಕ್ತಿಯ ಲೆಕ್ಕ ಹಾಕುವುದು ಹೇಗೆ?

12 ವೋಲ್ಟ್‌ಗೆ ಚಾರ್ಜ್ ಮಾಡಿದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಷ್ಟೇ ಸಾಮರ್ಥ್ಯದ ಖಾಲಿ ಕೆಪಾಸಿಟರ್ ಒಂದನ್ನು ಜೋಡಿಸಿದರೆ ಕೊನೆಗೆ ಎಷ್ಟು ವೋಲ್ಟ್ ಉಳಿಯುತ್ತದೆ ಎಂದು ಕೇಳಿದಾಗ, ಗಣಿತದಲ್ಲಿ ಚುರುಕಾಗಿರುವವರೂ 8.5 ವೋಲ್ಟ್ ಎಂದು ಬರೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಶಕ್ತಿ ಎಂದಿಗೂ ನಾಶವಾಗುವುದಿಲ್ಲ ಎಂಬ ನಿಯಮವನ್ನು ನೆಚ್ಚಿ, ಮೊದಲಿದ್ದ ಶಕ್ತಿ ಎರಡೂ ಕೆಪಾಸಿಟರ್‌ಗಳಲ್ಲಿ ಸಮನಾಗಿ ಹಂಚಿಕೆಯಾಗಿ ಹಾಗೆಯೇ ಉಳಿಯುತ್ತದೆ ಎಂದು ಅವರು ಭಾವಿಸುತ್ತಾರೆ. ಮೀಟರ್ ಇಟ್ಟು ನೋಡಿದರೆ ಮಾತ್ರ 6 ವೋಲ್ಟ್‌ನ ಆಸುಪಾಸಿನಲ್ಲೇ ಅಂಕಿ ನಿಲ್ಲುತ್ತದೆ. ನಿಯಮದಲ್ಲಿ ದೋಷವಿಲ್ಲ, ಅದನ್ನು ಅನ್ವಯಿಸಿದ ಜಾಗ ತಪ್ಪಾಗಿದೆ. ಪ್ರಯೋಗವನ್ನು ಕೈಯಾರೆ ಮಾಡಿ, ಲೆಕ್ಕವನ್ನೂ ಸರಿಯಾದ ಕ್ರಮದಲ್ಲಿ ಹಾಕುವ ವಿಧಾನ ಹೀಗಿದೆ.

ಸಾಮಾನುಗಳು

25 ವೋಲ್ಟ್ ತಡೆಯಬಲ್ಲ 1000 ಮೈಕ್ರೋಫ್ಯಾರಡ್‌ನ ಎರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, 12 ವೋಲ್ಟ್‌ನ ಡಿಸಿ ಪವರ್ ಸಪ್ಲೈ, 100 ಓಮ್, 1 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳು, ಒಂದು ಟೂ-ವೇ ಸ್ವಿಚ್ ಹಾಗೂ ಡಿಜಿಟಲ್ ಮಲ್ಟಿಮೀಟರ್ ಸಾಕು. ಚಿಕ್ಕ ಕೆಪಾಸಿಟರ್ ಬಳಸಿ ಕೆಲಸ ಮುಗಿಸುವ ಆಸೆ ಬೇಡ. ಮಲ್ಟಿಮೀಟರ್‌ನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತದೆ. 1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್‌ಗೆ ಅದನ್ನು ಹಿಡಿದರೆ ಹತ್ತೇ ಸೆಕೆಂಡಿನಲ್ಲಿ ವೋಲ್ಟೇಜ್‌ನ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಮೀಟರ್ ಮೂಲಕವೇ ಸೋರಿಹೋಗುತ್ತದೆ. 1000 ಮೈಕ್ರೋಫ್ಯಾರಡ್ ಆದರೆ ಅಷ್ಟು ಸೋರುವುದಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿಯುವುದರಿಂದ ನಿಶ್ಚಿಂತೆಯಿಂದ ಓದಬಹುದು.

ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದಿದ್ದ ಅಥವಾ ಹಳೆಯ ಬೋರ್ಡಿನಿಂದ ಕಿತ್ತ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಈ ಪ್ರಯೋಗಕ್ಕೆ ತೆಗೆದುಕೊಳ್ಳಲೇಬಾರದು. ಅವು ಒಳಗೊಳಗೇ ಸೋರುತ್ತವೆ, ಆ ಸೋರಿಕೆ ನಮ್ಮ ಲೆಕ್ಕದೊಳಗೆ ನುಸುಳುತ್ತದೆ. ಪರೀಕ್ಷೆ ಸುಲಭ: 12 ವೋಲ್ಟ್‌ಗೆ ಚಾರ್ಜ್ ಮಾಡಿ, ಸಪ್ಲೈ ಬಿಡಿಸಿ, ಒಂದು ನಿಮಿಷ ಬಿಟ್ಟು ಅಳೆಯಿರಿ. ವೋಲ್ಟೇಜ್ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಅದನ್ನು ಬದಿಗಿಡಿ.

ಜೋಡಣೆ

ಎರಡೂ ಕೆಪಾಸಿಟರ್‌ಗಳ ಋಣ ತುದಿಗಳನ್ನು ಒಟ್ಟಿಗೆ ಸೇರಿಸಿ ಸಪ್ಲೈನ ಋಣ ತುದಿಗೆ ಕೊಡಿ. ಮೊದಲ ಕೆಪಾಸಿಟರ್‌ನ ಧನ ತುದಿ ಸ್ವಿಚ್‌ನ ನಡುವಿನ ಕಾಲಿಗೆ ಬರಲಿ. ಸ್ವಿಚ್‌ನ ಒಂದು ಬದಿ 100 ಓಮ್ ಮೂಲಕ ಸಪ್ಲೈನ ಧನ ತುದಿಗೂ, ಇನ್ನೊಂದು ಬದಿ 10 ಕಿಲೋಓಮ್ ಮೂಲಕ ಎರಡನೆಯ ಕೆಪಾಸಿಟರ್‌ನ ಧನ ತುದಿಗೂ ಹೋಗಬೇಕು.

ಟೂ-ವೇ ಸ್ವಿಚ್‌ಗೆ ನಾನು ಇಷ್ಟು ಪಟ್ಟುಹಿಡಿಯುವುದಕ್ಕೆ ಕಾರಣವಿದೆ. ಬಿಡಿ ತಂತಿಗಳಲ್ಲಿ ಕೆಲಸ ಮಾಡುವವರು ಸಪ್ಲೈ ಬಿಡಿಸುವುದನ್ನು ಮರೆತು ಎರಡನೆಯ ಕೆಪಾಸಿಟರ್ ಜೋಡಿಸುತ್ತಾರೆ. ಆಗ ಎರಡೂ 12 ವೋಲ್ಟ್‌ಗೆ ಏರುತ್ತವೆ, ಏಕೆಂದರೆ ಕೊರತೆಯಾದ ಆವೇಶವನ್ನು ಸಪ್ಲೈ ತುಂಬಿಕೊಡುತ್ತಲೇ ಇರುತ್ತದೆ. ಸ್ವಿಚ್ ಇದ್ದರೆ ಸಪ್ಲೈನ ಸಂಪರ್ಕ ಕಡಿದ ಮೇಲಷ್ಟೇ ಎರಡನೆಯ ಸಂಪರ್ಕ ಕೂಡುತ್ತದೆ.

ಎರಡನೆಯ ಕೆಪಾಸಿಟರ್ ನಿಜವಾಗಿಯೂ ಖಾಲಿ ಇರಬೇಕು. ಕ್ಷಣಕಾಲ ಶಾರ್ಟ್ ಮಾಡಿದರೆ ಸಾಲದು. ಒಮ್ಮೆ ಚಾರ್ಜ್ ಆಗಿದ್ದ ಎಲೆಕ್ಟ್ರೋಲಿಟಿಕ್‌ನಲ್ಲಿ, ಶಾರ್ಟ್ ತೆಗೆದ ಬಳಿಕ, ಅವಾಹಕ ಪದರ ಹಿಡಿದಿಟ್ಟುಕೊಂಡಿದ್ದ ಪಾಲಿನಿಂದ ಸ್ವಲ್ಪ ವೋಲ್ಟೇಜ್ ತಾನಾಗಿ ಮರಳಿ ಏಳುತ್ತದೆ. 100 ಓಮ್ ಅನ್ನು ಅದರ ತುದಿಗಳಿಗೆ ಒಂದೆರಡು ನಿಮಿಷ ಕಟ್ಟಿಟ್ಟು, ತೆಗೆದು, ಮೀಟರ್ ಸೊನ್ನೆಯ ಬಳಿಯೇ ನಿಂತಿರುವುದನ್ನು ಖಚಿತಪಡಿಸಿಕೊಳ್ಳಿ.

ಈಗ ಸ್ವಿಚ್ ಅನ್ನು ಸಪ್ಲೈ ಕಡೆಗೆ ಹಾಕಿ ಮೊದಲನೆಯದನ್ನು ಚಾರ್ಜ್ ಮಾಡಿ, ಆಮೇಲೆ ಇನ್ನೊಂದು ಬದಿಗೆ ಹಾಕಿ. ಎರಡನೆಯದರ ಮೇಲಿಟ್ಟ ಮೀಟರ್‌ನಲ್ಲಿ ಅಂಕಿ ಮೊದಲು ಬೇಗ ಏರಿ, ಬರಬರುತ್ತ ನಿಧಾನವಾಗಿ, ಸುಮಾರು 25 ಸೆಕೆಂಡಿನಲ್ಲಿ 6ರ ಆಸುಪಾಸಿನಲ್ಲಿ ನೆಲೆ ನಿಲ್ಲುತ್ತದೆ.

ಮೊದಲು ಆವೇಶದ ಲೆಕ್ಕ

ಸಪ್ಲೈ ಕಡಿದ ಮೇಲೆ ಧನ ತುದಿಗಳ ಕಡೆ ಇರುವ ಆವೇಶಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಅದು ಒಂದು ಕೆಪಾಸಿಟರ್‌ನಿಂದ ಇನ್ನೊಂದಕ್ಕೆ ಹರಿಯಬಹುದೇ ಹೊರತು ಕಡಿಮೆಯಾಗಲಾರದು. ಆದ್ದರಿಂದ ಇಲ್ಲಿ ಉಳಿಯುವುದು ಖಂಡಿತ ಎಂದು ಹಿಡಿದುಕೊಳ್ಳಬೇಕಾದದ್ದು ಆವೇಶವನ್ನು. Q = CV ಪ್ರಕಾರ ಮೊದಲಿದ್ದ ಆವೇಶ 12 ಮಿಲಿಕೂಲಂಬ್. ಅದು 2000 ಮೈಕ್ರೋಫ್ಯಾರಡ್‌ನಲ್ಲಿ ಹರಡಿದಾಗ ವೋಲ್ಟೇಜ್ 6. ಶಕ್ತಿಯನ್ನು ½CV² ಸೂತ್ರದಿಂದ ತೆಗೆದರೆ ಮೊದಲು 72 ಮಿಲಿಜೂಲ್, ಕೊನೆಗೆ ಎರಡರಲ್ಲೂ ತಲಾ 18ರಂತೆ ಒಟ್ಟು 36 ಮಿಲಿಜೂಲ್. ಸರಿಯಾಗಿ ಅರ್ಧ ಕಡಿಮೆಯಾಗಿದೆ.

ನಿಮ್ಮ ಮೀಟರ್ 6ರ ಬದಲು 6.4 ತೋರಿಸಿದರೆ ಗಾಬರಿ ಬೇಡ. ಎಲೆಕ್ಟ್ರೋಲಿಟಿಕ್‌ಗಳ ಮೇಲೆ ಮುದ್ರಿಸಿದ ಮೈಕ್ರೋಫ್ಯಾರಡ್ ಅಂಕಿಗೂ ನಿಜವಾದ ಅಂಕಿಗೂ ಸಾಮಾನ್ಯವಾಗಿ ಶೇ 20ರವರೆಗೆ ವ್ಯತ್ಯಾಸ ಇರಬಹುದು. ಮೊದಲನೆಯದು ಕಳೆದುಕೊಂಡ 5.6 ವೋಲ್ಟ್ ಅನ್ನು ಎರಡನೆಯದು ಪಡೆದ 6.4ರಿಂದ ಭಾಗಿಸಿದರೆ 0.875 ಬರುತ್ತದೆ, ಅಂದರೆ ಎರಡನೆಯದು ಮೊದಲನೆಯದಕ್ಕಿಂತ ಶೇ 12.5ರಷ್ಟು ಚಿಕ್ಕದು. ಎರಡನೆಯದರಲ್ಲಿ ಮೊದಲೇ ಉಳಿದ ಆವೇಶವಿಲ್ಲ ಎಂದು ಖಚಿತವಿದ್ದರೆ, ಎರಡು ಕೆಪಾಸಿಟರ್‌ಗಳನ್ನು ಹೋಲಿಸಲು ಇದೇ ಒಳ್ಳೆಯ ವಿಧಾನ.

ಎಲ್ಲರೂ ಎಡವುವ ಹಂತ: ಶಕ್ತಿ ಎಲ್ಲಿಗೆ ಹೋಯಿತು?

ರೆಸಿಸ್ಟರ್‌ನಲ್ಲಿ ಉಷ್ಣವಾಯಿತು ಎಂಬ ಉತ್ತರ ಸರಿ. ಆದರೆ ಅಲ್ಲಿಗೇ ನಿಲ್ಲಿಸಿದವರು ಮರುಕ್ಷಣವೇ, ಹಾಗಾದರೆ ಚಿಕ್ಕ ರೆಸಿಸ್ಟರ್ ಹಾಕಿದರೆ ನಷ್ಟ ತಗ್ಗುತ್ತದೆ ಎಂದು ತೀರ್ಮಾನಿಸಿಬಿಡುತ್ತಾರೆ. ತಗ್ಗುವುದಿಲ್ಲ. 10 ಕಿಲೋಓಮ್ ಕಿತ್ತು 1 ಕಿಲೋಓಮ್ ಹಾಕಿ ಪ್ರಯೋಗವನ್ನು ಪುನಃ ಮಾಡಿ: ಅಂಕಿ ಹತ್ತು ಪಟ್ಟು ಬೇಗ ಏರುತ್ತದೆ, ಆದರೆ ನಿಲ್ಲುವುದು ಅದೇ ವೋಲ್ಟೇಜ್‌ನಲ್ಲಿ. ಕೊನೆಯ ವೋಲ್ಟೇಜ್ ಅದೇ ಎಂದ ಮೇಲೆ ಉಳಿದ ಶಕ್ತಿಯೂ ಅದೇ, ಹೋದ ಶಕ್ತಿಯೂ ಅದೇ.

ಇದಕ್ಕೆ ಕಾರಣ ತಿಳಿಯಲು ಕಲನಶಾಸ್ತ್ರ ಬೇಕಿಲ್ಲ. ಒಟ್ಟು 6 ಮಿಲಿಕೂಲಂಬ್ ಆವೇಶ ರೆಸಿಸ್ಟರ್ ದಾಟಿ ಹೋಗುತ್ತದೆ. ಮೊದಲನೆಯ ಕೆಪಾಸಿಟರ್ 12ರಿಂದ 6ಕ್ಕೆ, ಹೊರಟ ಆವೇಶಕ್ಕೆ ಸಮಪ್ರಮಾಣದಲ್ಲಿ ಇಳಿಯುತ್ತದೆ, ಹೀಗಾಗಿ ಆವೇಶ ಹೊರಡುವಾಗಿನ ಸರಾಸರಿ ವೋಲ್ಟೇಜ್ 9. ಅದು ಕೊಟ್ಟ ಶಕ್ತಿ 54 ಮಿಲಿಜೂಲ್. ಎರಡನೆಯದು ಸೊನ್ನೆಯಿಂದ 6ಕ್ಕೆ ಏರುವುದರಿಂದ ಆವೇಶ ತಲುಪುವಾಗಿನ ಸರಾಸರಿ ವೋಲ್ಟೇಜ್ 3; ಅದಕ್ಕೆ ಸಂದ ಶಕ್ತಿ 18 ಮಿಲಿಜೂಲ್. ನಡುವಿನ 36 ಮಿಲಿಜೂಲ್, ಎರಡು ತುದಿಗಳ ವೋಲ್ಟೇಜ್ ವ್ಯತ್ಯಾಸವನ್ನು ಇಳಿಯುವಾಗ ಆವೇಶ ಬಿಟ್ಟುಕೊಟ್ಟ ಶಕ್ತಿ. ಈ ಲೆಕ್ಕದಲ್ಲಿ ರೋಧದ ಹೆಸರೇ ಬರಲಿಲ್ಲ ಎಂಬುದನ್ನು ಗಮನಿಸಿ.

ರೆಸಿಸ್ಟರ್‌ನ ಕಡೆಯಿಂದ ನೋಡಿದರೂ ಇದೇ ಉತ್ತರ ಬರುತ್ತದೆ. ವಿದ್ಯುತ್ ಪ್ರವಾಹ ಇಳಿಯುವ ವೇಗವನ್ನು ಕಾಲ ಸ್ಥಿರಾಂಕ ನಿರ್ಧರಿಸುತ್ತದೆ. ಇಲ್ಲಿ ಅದು ರೋಧವನ್ನು 500 ಮೈಕ್ರೋಫ್ಯಾರಡ್‌ನಿಂದ ಗುಣಿಸಿದಷ್ಟು, ಏಕೆಂದರೆ ಹರಿವಿನ ದಾರಿಯಲ್ಲಿ ಎರಡು ಕೆಪಾಸಿಟರ್‌ಗಳು ಸರಣಿಯಲ್ಲಿವೆ. 10 ಕಿಲೋಓಮ್‌ಗೆ ಅದು 5 ಸೆಕೆಂಡ್, 1 ಕಿಲೋಓಮ್‌ಗೆ ಅರ್ಧ ಸೆಕೆಂಡ್. ಸೆಕೆಂಡಿಗೆ ಇಷ್ಟು ಎಂದು ಉಷ್ಣವಾಗುವ ಶಕ್ತಿ, ಅಂದರೆ ವ್ಯಾಟ್‌ಗಳಲ್ಲಿ ಅಳೆಯುವ ಸಾಮರ್ಥ್ಯವು, ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರವಾಹಕ್ಕಿಂತ ಎರಡು ಪಟ್ಟು ಬೇಗ ಕುಸಿಯುತ್ತದೆ, ಆದ್ದರಿಂದ ಒಟ್ಟು ಉಷ್ಣವೆಂದರೆ ಆರಂಭದ ಸಾಮರ್ಥ್ಯವನ್ನು ಕಾಲ ಸ್ಥಿರಾಂಕದ ಅರ್ಧದಿಂದ ಗುಣಿಸಿದಷ್ಟು. 10 ಕಿಲೋಓಮ್‌ನಲ್ಲಿ 14.4 ಮಿಲಿವ್ಯಾಟ್ ಗುಣಿಸು 2.5 ಸೆಕೆಂಡ್, 1 ಕಿಲೋಓಮ್‌ನಲ್ಲಿ 144 ಮಿಲಿವ್ಯಾಟ್ ಗುಣಿಸು 0.25 ಸೆಕೆಂಡ್. ಎರಡೂ 36 ಮಿಲಿಜೂಲ್. ರೋಧ ಕಡಿಮೆಯಾದರೆ ಉಷ್ಣ ಬೇಗ ಹುಟ್ಟುತ್ತದೆ, ಕಡಿಮೆ ಹುಟ್ಟುವುದಿಲ್ಲ. ಇದು ಇಷ್ಟು ಅಲ್ಪ ಶಕ್ತಿಯಾದ್ದರಿಂದ ರೆಸಿಸ್ಟರ್ ಮುಟ್ಟಿ ನೋಡಿದರೆ ಬಿಸಿ ಗೊತ್ತಾಗುವುದಿಲ್ಲ. ವೋಲ್ಟೇಜ್ ಓದಿಯೇ ತಿಳಿಯಬೇಕು.

ರೆಸಿಸ್ಟರ್ ಇಲ್ಲದೆ ನೇರವಾಗಿ ತಂತಿ ತಾಗಿಸುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ತಂತಿ ಮತ್ತು ಕೆಪಾಸಿಟರ್‌ಗಳ ಒಳರೋಧ ಸೇರಿ 0.2 ಓಮ್ ಎಂದುಕೊಂಡರೂ ಮೊದಲ ಕ್ಷಣದ ಪ್ರವಾಹ 60 ಆಂಪಿಯರ್ ಮುಟ್ಟುತ್ತದೆ. ಕಿಡಿ ಹಾರುತ್ತದೆ, ಸ್ವಿಚ್‌ನ ಸಂಪರ್ಕ ಬಿಂದುಗಳು ಸುಟ್ಟು ಕಪ್ಪಾಗುತ್ತವೆ. ಆಗಲೂ ಸೋರುವುದು ಅದೇ 36 ಮಿಲಿಜೂಲ್. ಅದು ತಂತಿ, ಕಿಡಿ ಮತ್ತು ಕೆಪಾಸಿಟರ್‌ಗಳ ಒಡಲಲ್ಲಿ ಹಂಚಿಹೋಗುತ್ತದೆ. ಕ್ಯಾಮೆರಾ ಫ್ಲ್ಯಾಶ್‌ನ ಅಥವಾ ಮೇನ್ಸ್‌ಗೆ ಜೋಡಿಸುವ ಸಪ್ಲೈಗಳ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಇರುವುದರಿಂದ ಅವುಗಳಲ್ಲಿ ಈ ಪ್ರಯೋಗ ಪ್ರಾಣಕ್ಕೇ ಅಪಾಯ.

ನಷ್ಟ ತಗ್ಗಿಸಬೇಕಾದರೆ

ಯಾವುದೇ ಎರಡು ಕೆಪಾಸಿಟರ್‌ಗಳಿಗೆ ನಷ್ಟದ ಸೂತ್ರ ಹೀಗಿದೆ:

½ × C1C2/(C1 + C2) × (V1 − V2)²

ಇದರಲ್ಲಿ ಮುಖ್ಯವಾದದ್ದು ಕೊನೆಯ ಆವರಣ. ಎರಡನೆಯ ಕೆಪಾಸಿಟರ್ ಖಾಲಿ ಇರದೆ 10 ವೋಲ್ಟ್‌ನಲ್ಲಿದ್ದರೆ ವ್ಯತ್ಯಾಸ 2 ವೋಲ್ಟ್ ಮಾತ್ರ, ನಷ್ಟ 1 ಮಿಲಿಜೂಲ್ ಮಾತ್ರ. ಕೆಪಾಸಿಟರ್‌ಗಳನ್ನು ಸ್ವಿಚ್ ಮಾಡಿ ವೋಲ್ಟೇಜ್ ಬದಲಿಸುವ ಸರ್ಕಿಟ್‌ಗಳಲ್ಲಿ ಜೋಡಣೆಯ ಕ್ಷಣದ ವ್ಯತ್ಯಾಸವನ್ನು ಆದಷ್ಟು ಚಿಕ್ಕದಾಗಿಡುವುದು ಇದೇ ಕಾರಣಕ್ಕೆ.

ವ್ಯತ್ಯಾಸ ದೊಡ್ಡದಾಗಿಯೇ ಇರಬೇಕು ಎಂಬ ಸಂದರ್ಭದಲ್ಲಿ ರೆಸಿಸ್ಟರ್ ಬದಲು ಕಾಯಿಲ್ ಬೇಕು. 10 ಮಿಲಿಹೆನ್ರಿಯ ಕಾಯಿಲ್ ಮತ್ತು ಒಂದು ಶಾಟ್ಕಿ ಡಯೋಡ್ ಅನ್ನು ಸರಣಿಯಲ್ಲಿ ಹಾಕಿದರೆ, ವ್ಯತ್ಯಾಸ ಇಳಿಯುವಾಗ ಹೊರಬರುವ ಶಕ್ತಿಯ ದೊಡ್ಡ ಪಾಲು ಕಾಯಿಲ್‌ನ ಕಾಂತಕ್ಷೇತ್ರದಲ್ಲಿ ಸಂಗ್ರಹವಾಗುತ್ತದೆ. ಎರಡೂ 6 ವೋಲ್ಟ್‌ಗೆ ಬಂದ ಮೇಲೂ ಆ ಶಕ್ತಿ ಆವೇಶವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಹಿಂದಿರುಗುವುದನ್ನು ಡಯೋಡ್ ತಡೆಯುತ್ತದೆ. ದಾರಿಯ ಒಟ್ಟು ರೋಧ 1 ಓಮ್ ಇದ್ದರೆ ಸುಮಾರು 7 ಮಿಲಿಸೆಕೆಂಡಿನಲ್ಲಿ ಎರಡನೆಯದು 10 ವೋಲ್ಟ್‌ಗೆ ಏರಿ, ಮೊದಲನೆಯದು 2 ವೋಲ್ಟ್‌ಗೆ ಇಳಿದು ನಿಲ್ಲುತ್ತವೆ. ಉಳಿಯುವ ಶಕ್ತಿ 36ರ ಬದಲು ಸುಮಾರು 52 ಮಿಲಿಜೂಲ್.

ಕಾಯಿಲ್ ಆರಿಸುವಾಗ ಅದರ ಗಾತ್ರ ನೋಡಿಕೊಳ್ಳಿ. ಪ್ರವಾಹ 2 ಆಂಪಿಯರ್ ಮೀರುವುದರಿಂದ ರೆಸಿಸ್ಟರ್‌ನಂತೆ ಕಾಣುವ ಪುಟ್ಟ ಕಾಯಿಲ್‌ಗಳು ಕೆಲಸಕ್ಕೆ ಬಾರವು: ಅವುಗಳ ತಿರುಳು ಸಂತೃಪ್ತವಾಗಿ ಇಂಡಕ್ಟೆನ್ಸ್ ಕುಸಿಯುತ್ತದೆ, ರೋಧವೂ ವಿಪರೀತ ಇರುತ್ತದೆ, ಫಲಿತಾಂಶ ಮತ್ತೆ 6 ವೋಲ್ಟ್ ಕಡೆಗೇ ಜಾರುತ್ತದೆ. ಎರಡನೆಯ ಕೆಪಾಸಿಟರ್ ಮೊದಲನೆಯದಕ್ಕಿಂತ ಬಹಳ ದೊಡ್ಡದಿದ್ದರೆ ಮೊದಲನೆಯದು ಸೊನ್ನೆ ದಾಟಿ ಋಣ ವೋಲ್ಟೇಜ್‌ಗೆ ಇಳಿಯಬಹುದು. ಎಲೆಕ್ಟ್ರೋಲಿಟಿಕ್ ಅದನ್ನು ಸಹಿಸುವುದಿಲ್ಲವಾದ್ದರಿಂದ ಕಾಯಿಲ್ ಬಳಸುವಾಗ ಎರಡನೆಯದರ ಮೈಕ್ರೋಫ್ಯಾರಡ್ ಅಂಕಿ ಮೊದಲನೆಯದನ್ನು ಮೀರದಂತೆ ನೋಡಿಕೊಳ್ಳಬೇಕು.